ಅಮ್ಮನಿಗೆ ಮಿಕ್ಸಿ ಕಪ್ಲರ್ ಫೋಟೋ ತೆಗೆದು ಬೆಲೆ ಕೇಳೋದು ಹೇಗೆ ಹೇಳಿಕೊಡಲಿ?

ಕೇಳಿದವರು: ಅಮ್ಮನಿಗೆ 71, ಊರಲ್ಲಿ ಒಬ್ಬರೇ ಇದ್ದಾರೆ. ಮಿಕ್ಸಿ ಜಾರಿನ ಕಪ್ಲರ್, ಅಂದರೆ ಬುಡದಲ್ಲಿ ಮೋಟಾರಿಗೆ ಕೂರುವ ಹಲ್ಲಿನ ಚಕ್ರ, ಸವೆದಿದೆ. ಪೇಟೆಯ ಅಂಗಡಿಯವರು ವಾಟ್ಸಾಪಲ್ಲಿ ಫೋಟೋ ಕಳಿಸಿ ಅಂತಾರೆ. ಅಮ್ಮ ಕಳಿಸಿದ್ದೆಲ್ಲ ಮಂಜು ಮಂಜು. ಕಂಪನಿ ಯಾವುದು, ಬೆಲೆ ಎಷ್ಟು ಅಂತ ಅವರೇ ಕೇಳುವ ಹಾಗೆ ಸರಳವಾಗಿ ಹೇಗೆ ಹೇಳಿಕೊಡಲಿ?

ತಿಪಟೂರಿನವ: ನಮ್ಮಪ್ಪ ಜಾರಿನ ಫೋಟೋವನ್ನು ಮೇಲಿಂದ ತೆಗೆದು ಕಳಿಸಿದರು. ಸ್ಟೀಲ್ ಜಾರು, ಕಪ್ಪು ಹಿಡಿ, ಅಷ್ಟೇ ಕಂಡಿದ್ದು. ಅಂಗಡಿಯವನು "ಇದೆ, ಬನ್ನಿ" ಅಂದ. 780 ರೂಪಾಯಿ ಕೊಟ್ಟು ಹೊಸ ಜಾರೇ ತಂದರು, ಆಟೋಗೆ 120 ಬೇರೆ. ಮಿಕ್ಸಿ ಮೇಲೆ ಕೂರಲೇ ಇಲ್ಲ. ವಾಪಸ್ ಕೊಡಲು ಹೋದರೆ "ನೀರು ತಾಗಿದೆ, ತಗೊಳ್ಳಲ್ಲ" ಅಂದ. ಈಗ ಆ ಜಾರಲ್ಲಿ ಹುಣಸೆಹಣ್ಣು ಇಟ್ಟಿದ್ದಾರೆ. ಬೇಕಿದ್ದದ್ದು ಬುಡದ ಫೋಟೋ, ಯಾರೂ ಹೇಳಲಿಲ್ಲ.

ಕೋರಮಂಗಲ ಟೆಕ್ಕಿ: ಇಷ್ಟಕ್ಕೆ ಇಷ್ಟೆಲ್ಲ ಯಾಕೆ? ಗೂಗಲ್ ಲೆನ್ಸ್ ಹಿಡಿದರೆ ಕಂಪನಿ, ಬೆಲೆ ಎಲ್ಲ ಬರುತ್ತೆ. ನನ್ನ ಅತ್ತೆ ಕುಕ್ಕರನ್ನು ಹಾಗೇ ಪತ್ತೆ ಮಾಡಿದರು.

ಮಿಕ್ಸಿ ರಿಪೇರಿ, ಹಾಸನ: ಕುಕ್ಕರಿಗೆ ಆಗಬಹುದು ಸ್ವಾಮಿ. ಕಪ್ಲರ್ ಹತ್ತು ಕಂಪನಿದು ಒಂದೇ ಥರ ಕಾಣುತ್ತೆ. ಹಲ್ಲಿನ ಲೆಕ್ಕ ಬೇರೆ, ಅಗಲ ಬೇರೆ, ನಡುವಿನ ತಿರುಪು ಬೇರೆ. ಲೆನ್ಸ್ ತೋರಿಸಿದ್ದನ್ನು ತರಿಸಿಕೊಂಡು, ಕೂರದೆ ನನ್ನ ಬಾಗಿಲಿಗೆ ಬರುವವರು ಎಷ್ಟೋ ಜನ.

ನನಗೆ ಮೂರು ಫೋಟೋ ಸಾಕು. ಒಂದು, ಮಿಕ್ಸಿ ಅಡಿಯ ಚೀಟಿ. ಪ್ಲಗ್ ಕಿತ್ತು, ಬಟ್ಟೆ ಹಾಸಿ, ಮಿಕ್ಸಿಯನ್ನು ಪಕ್ಕಕ್ಕೆ ಮಲಗಿಸಬೇಕು. ಕಂಪನಿ, ಮಾಡೆಲ್, ವ್ಯಾಟ್ ಅಲ್ಲೇ ಇರುತ್ತೆ. ಚೀಟಿ ಬೆಳ್ಳಿ ಬಣ್ಣದ್ದಾದರೆ ಫ್ಲ್ಯಾಶ್ ಹೊಡೆದಲ್ಲಿ ಬಿಳಿ ಮಚ್ಚೆ ಬಿದ್ದು ಅಕ್ಷರ ಮಾಯ. ಫ್ಲ್ಯಾಶ್ ಆರಿಸಿ, ಕಿಟಕಿ ಪಕ್ಕ ಕೂತು, ಫೋನ್ ಚೂರು ಓರೆ ಮಾಡಿದರೆ ಹೊಳಪು ಸರಿಯುತ್ತೆ. ಎರಡು, ಮೋಟಾರ್ ಮೇಲಿನ ಕಪ್ಲರ್. ಮೂರು, ಬೋರಲು ಹಾಕಿದ ಜಾರಿನ ಬುಡ. ಬುಡದ ಮಟ್ಟಕ್ಕೇ ಹತ್ತು ರೂಪಾಯಿ ನಾಣ್ಯ ಇಟ್ಟು ನೇರ ಮೇಲಿಂದ ತೆಗೆಯಬೇಕು. ನಾಣ್ಯ 27 ಮಿಲಿಮೀಟರ್, ಅದರಿಂದ ಅಗಲ ಅಂದಾಜು ಸಿಗುತ್ತೆ. ಓರೆ ತೆಗೆದರೆ ಆ ಲೆಕ್ಕ ಹೋಯಿತು.

ಮಂಜು ಬರುವುದು ಬಹುತೇಕ ತೀರಾ ಹತ್ತಿರ ಹಿಡಿಯುವುದರಿಂದ. ಒಂದು ಗೇಣು ದೂರ ಹಿಡಿದು, ಪರದೆಯಲ್ಲಿ ಅಕ್ಷರದ ಮೇಲೆ ಬೆರಳು ಮುಟ್ಟಿಸಿ, ಚಿತ್ರ ತಿಳಿಯಾದ ಮೇಲೆ ಒತ್ತಲಿ. ಲೆನ್ಸಿನ ಮೇಲೆ ಒಗ್ಗರಣೆ ಎಣ್ಣೆ ಇದ್ದರೆ ಮೊದಲು ಒರೆಸಲಿ.

ಕೋರಮಂಗಲ ಟೆಕ್ಕಿ: ನಾಣ್ಯ ಇಟ್ಟು ಅಳತೆ! ಸುಮ್ನೆ ವಯಸ್ಸಾದವರಿಗೆ ಕಷ್ಟ ಕೊಡ್ತೀರಿ. ನಿಮಗೆ ಬೇಕಿರೋದು ಅವರು ಅಂಗಡಿಗೇ ಬರೋದು.

ಮಿಕ್ಸಿ ರಿಪೇರಿ, ಹಾಸನ: ಬಂದರೆ ಕಾಫಿ ಕುಡಿಸಿ ಕಳಿಸ್ತೀನಿ. ನೀವು ಬರಬೇಡಿ.

ಸರೋಜಮ್ಮನ ಸೊಸೆ: ನಮ್ಮತ್ತೆ ಮಾತ್ರೆ ಎಲೆಯನ್ನು ಕತ್ತರಿಸಿ ಫೋಟೋ ಕಳಿಸ್ತಾರೆ. ತಾರೀಕು, ಎಂಆರ್‌ಪಿ ಇರುವ ತುದಿ ಕಸದ ಬುಟ್ಟಿಯಲ್ಲಿ. ಇಡೀ ಎಲೆ ತೋರಿಸಿ ಅಂತ ಹೇಳಿ ಹೇಳಿ ಸಾಕಾಯಿತು.

ತಿಪಟೂರಿನವ: ಅಕ್ಕಾ, ಇಲ್ಲಿ ಮಿಕ್ಸಿ ವಿಷಯ ನಡೀತಿದೆ.

ಸರೋಜಮ್ಮನ ಸೊಸೆ: ಹುಣಸೆಹಣ್ಣಿನ ವಿಷಯ ನೀವು ಹೇಳಬಹುದು, ನಾನು ಮಾತ್ರೆ ಹೇಳಬಾರದಾ?

ಪುಣೆಯಲ್ಲಿರುವ ಮಗಳು: ಅಮ್ಮನಿಗೆ ಫೋನಿನಲ್ಲಿ ಹೇಳಿ ಉಪಯೋಗ ಆಗಲಿಲ್ಲ. ದಪ್ಪಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದೆ: "ಲೆನ್ಸ್ ಒರೆಸು. ಕಿಟಕಿ ಹತ್ತಿರ ಕೂರು. ಅಕ್ಷರ ಮುಟ್ಟು. ತೆಗೆದ ಮೇಲೆ ದೊಡ್ಡದು ಮಾಡಿ ನೀನೇ ಓದಿ ನೋಡು. ಓದಲು ಬಂದರೆ ಕಳಿಸು." ಕೊನೆಯ ಸಾಲಿನಿಂದಲೇ ಕೆಲಸ ಆಗಿದ್ದು. ಟೈಪ್ ಮಾಡಲು ಬರಲ್ಲ, ಹಾಗಾಗಿ ಮೈಕ್ ಒತ್ತಿ ಮಾತಾಡ್ತಾರೆ: "ಅಣ್ಣಾ, ಇದು ನಮ್ಮ ಮಿಕ್ಸಿಗೆ ಕೂರುತ್ತಾ? ಕಂಪನಿದು ಎಷ್ಟು, ಲೋಕಲ್ ಎಷ್ಟು? ಹಾಕೋ ಕೂಲಿ ಸೇರಿ ಹೇಳಿ." ಮೊದಲು ಬರೀ "ರೇಟ್ ಎಷ್ಟು" ಅಂತಿದ್ದರು. ಅಂಗಡಿಯವನು 60 ಅಂದು, ಕೊನೆಗೆ ಕೂಲಿ ಅಂತ 150 ಸೇರಿಸಿ 210 ತಗೊಂಡ. ಇನ್ನೂ ಹೊಟ್ಟೆ ಉರಿಯುತ್ತೆ.

ಮಿಕ್ಸಿ ರಿಪೇರಿ, ಹಾಸನ: 150 ಜಾಸ್ತಿಯಾಯಿತು. ಆದರೆ ಬ್ಲೇಡಿನ ಕಡ್ಡಿ ಕೂತು ತಿರುಗುವ ಬುಷ್ ಬದಲಿಸಿದ್ದರೆ ಬೇರೆ ಮಾತು. ಜಾರಿನ ಬುಡದಿಂದ ಕಪ್ಪು ನೀರು ಸೋರುತ್ತಿದ್ದರೆ, ಕೆಳಗಿನ ಕಪ್ಲರ್ ಹಿಡಿದು ಅಲ್ಲಾಡಿಸಿದಾಗ ಅದು ಲೊಡಲೊಡ ಅಂದರೆ, ಬುಷ್ ಸವೆದಿದೆ. ಆಗ ಹೊಸ ಕಪ್ಲರ್ ಹಾಕಿದರೂ ಬೇಗ ಹಲ್ಲು ಹಾರುತ್ತೆ. ಇದು ಫೋಟೋದಲ್ಲಿ ಕಾಣಲ್ಲ. ಅಮ್ಮ ಬಾಯಲ್ಲೇ ಹೇಳಬೇಕು.

ಪುಣೆಯಲ್ಲಿರುವ ಮಗಳು: ಬುಷ್ ಗಿಷ್ ಏನೂ ಬದಲಿಸಿಲ್ಲ. ಬಿಲ್ಲೂ ಕೊಟ್ಟಿಲ್ಲ.

ಕೋರಮಂಗಲ ಟೆಕ್ಕಿ: ನೋಡಿದ್ರಾ? ಅಂಗಡಿಯವರ ಕಥೆ ಇಷ್ಟೇ. ಆನ್‌ಲೈನಲ್ಲಿ ತರಿಸಿ.

ತಿಪಟೂರಿನವ: ಆನ್‌ಲೈನಲ್ಲಿ ತರಿಸಿದ್ದನ್ನು ಅವರಮ್ಮನಿಗೆ ಹಾಕಿಕೊಡೋಕೆ ಯಾರು, ನೀವು ಹೋಗ್ತೀರಾ?