ಇಪ್ಪತ್ತೊಂಬತ್ತರ ಶನಿ: ಈಗಲೇ ಒಪ್ಪಿಕೊಳ್ಳಬೇಕೇ, ಕಾಯಬೇಕೇ?

ಪ್ರಶ್ನೆ, ಜಯನಗರದ ಸದಸ್ಯೆ: ನಾನು ಹುಟ್ಟಿದ್ದು 1997ರ ಮಾರ್ಚ್ 22, ಸಿಂಹ ರಾಶಿ. ನಾವು ಹುಟ್ಟಿದಾಗ ಶನಿ ಇದ್ದ ಜಾಗಕ್ಕೆ ಅವನು ಮರಳುವ ವಯಸ್ಸಿನಲ್ಲಿ ಪ್ರೀತಿ ಒಂದೋ ಮದುವೆಯಾಗುತ್ತದೆ, ಇಲ್ಲವೇ ಮುರಿಯುತ್ತದೆ ಎಂದು ಮೊಬೈಲ್‌ನಲ್ಲಿ ಬರುವ ವಿಡಿಯೊಗಳು ಹೇಳುತ್ತವೆ. ನಮ್ಮ ಮನೆಯ ಜ್ಯೋತಿಷಿಗಳು ಮಾತ್ರ ಅಷ್ಟಮ ಶನಿ ಕಳೆಯುವವರೆಗೆ ಆ ಮಾತೇ ಬೇಡ ಎನ್ನುತ್ತಾರೆ. ನನ್ನ ಗೆಳೆಯ ಏಪ್ರಿಲ್‌ನಲ್ಲಿ ಬಾಡಿಗೆ ಕರಾರು ಮುಗಿಯುವುದರೊಳಗೆ ಉತ್ತರ ಕೇಳುತ್ತಿದ್ದಾನೆ. ಈ ಎರಡು ಶನಿಗಳಲ್ಲಿ ಯಾರ ಮಾತು ಕೇಳಲಿ?

ಮಲ್ಲೇಶ್ವರದ ಜ್ಯೋತಿಷಿ: ಇಬ್ಬರು ಶನಿಗಳಿಲ್ಲಮ್ಮ, ಒಬ್ಬನೇ. ನೀವು ಹುಟ್ಟಿದಾಗ ಅವನು ಮೀನದಲ್ಲಿದ್ದ. ನಿಮ್ಮ ಚಂದ್ರನಿರುವ ಸಿಂಹದಿಂದ ಎಣಿಸಿದರೆ ಅದು ಎಂಟನೆಯ ರಾಶಿ, ಅದಕ್ಕೇ ಅಷ್ಟಮ ಶನಿ. ದೃಕ್ ಪಂಚಾಂಗದ ಪ್ರಕಾರ 2025ರ ಮಾರ್ಚ್ 29ರಂದು ಮತ್ತೆ ಮೀನಕ್ಕೆ ಬಂದಿದ್ದಾನೆ. ಹುಟ್ಟಿದಾಗಿನ ಜಾಗಕ್ಕೇ ಬಂದವನು ಚಂದ್ರನಿಂದ ಎಂಟರಲ್ಲಿ ಇರದೆ ಇನ್ನೆಲ್ಲಿರುತ್ತಾನೆ? ಸಾಡೇಸಾತಿಯಲ್ಲಿ ಹುಟ್ಟಿದವರಿಗೂ ಇಪ್ಪತ್ತೊಂಬತ್ತರ ಸುಮಾರಿಗೆ ಸಾಡೇಸಾತಿಯೇ ಮತ್ತೆ ಬರುತ್ತದೆ. ಒಂದೇ ಸ್ಥಿತಿಯನ್ನು ಪಶ್ಚಿಮದವರು ಹುಟ್ಟಿದ ಶನಿಯಿಂದ ಅಳೆಯುತ್ತಾರೆ, ನಾವು ಚಂದ್ರನಿಂದ. ಫಲ ಹೇಳುವಾಗ ಒಬ್ಬರು ನಿರ್ಧರಿಸು ಎನ್ನುತ್ತಾರೆ, ಇನ್ನೊಬ್ಬರು ತಡೆ ಎನ್ನುತ್ತಾರೆ. ವೃತ್ತಿಯಲ್ಲಿರುವವನಾಗಿ ಹೇಳುತ್ತೇನೆ, ಈ ವೈರುಧ್ಯವನ್ನು ಮುಚ್ಚಿಡುವುದು ಸರಿಯಲ್ಲ.

ಇನ್ನೊಂದು ಮಾತು. ನಮ್ಮ ಪದ್ಧತಿಯಲ್ಲಿ ಮದುವೆಗೆ ಮೊದಲು ನೋಡುವುದು ಗುರುಬಲ ಮತ್ತು ನಡೆಯುತ್ತಿರುವ ದಶೆ. ಶನಿ ಹುಟ್ಟಿದ ಜಾಗಕ್ಕೆ ಮರಳಿದ ಎಂಬುದೊಂದನ್ನೇ ಹಿಡಿದು ಮದುವೆಯ ಮಾತು ಹೇಳಿದವರನ್ನು ಹಿರಿಯರಲ್ಲಿ ನಾನು ಕಂಡಿಲ್ಲ.

ರಾಜಾಜಿನಗರದ ಸದಸ್ಯ: ಲೆಕ್ಕ ಸುಲಭ. ಶನಿಯ ಸುತ್ತು ಇಪ್ಪತ್ತೊಂಬತ್ತೂವರೆ ವರ್ಷ. ಹಾಗಾಗಿ ಇವರಿಗೆ 2026ರ ಸೆಪ್ಟೆಂಬರ್‌ನಲ್ಲಿ ಬರುತ್ತದೆ, ಏಪ್ರಿಲ್‌ನಲ್ಲಿ ಅಲ್ಲ. ಆರು ತಿಂಗಳು ಕಾದರೆ ಆಯಿತು.

ಆಕಾಶವೀಕ್ಷಣೆಯ ಹವ್ಯಾಸಿ, ಬಸವನಗುಡಿ: ಸುತ್ತಿನ ಸರಾಸರಿ ಸರಿ, ತಿಂಗಳು ಸರಿಯಲ್ಲ ಸರ್. ಭೂಮಿಯಿಂದ ನೋಡುವಾಗ ಶನಿ ವರ್ಷಕ್ಕೆ ಸುಮಾರು ನಾಲ್ಕೂವರೆ ತಿಂಗಳು ಹಿಂದಕ್ಕೆ ಸರಿದಂತೆ ಕಾಣುತ್ತದೆ. ಇವರ ಜನ್ಮಬಿಂದುವನ್ನು ಅದು 2026ರ ಏಪ್ರಿಲ್ ಕೊನೆಗೆ ಒಮ್ಮೆ ದಾಟುತ್ತದೆ, ನವೆಂಬರ್ ಹೊತ್ತಿಗೆ ವಕ್ರಿಯಾಗಿ ಇನ್ನೊಮ್ಮೆ, 2027ರ ಜನವರಿಯಲ್ಲಿ ಮತ್ತೊಮ್ಮೆ. ನಕ್ಷತ್ರಗಳಿಂದ ಅಳೆಯುವ ನಮ್ಮ ನಿರಯನ ಲೆಕ್ಕ ಹಿಡಿದರೂ ಕೆಲವೇ ದಿನಗಳು ಆಚೀಚೆ. ಆ ದಿನ ಹುಟ್ಟಿದ ಎಲ್ಲರಿಗೂ ಇದೇ ದಿನಾಂಕಗಳು. ಅವರಲ್ಲಿ ಮದುವೆಯಾಗಿ ಮಕ್ಕಳಿರುವವರು, ಈಗಷ್ಟೇ ಪರಿಚಯವಾದವರು, ಮದುವೆಯೇ ಬೇಡ ಎಂದವರು ಎಲ್ಲರೂ ಇದ್ದಾರೆ. ನಿಮ್ಮ ಗೆಳೆಯ ಹುಟ್ಟಿದ್ದು ಯಾವಾಗ?

ಜಯನಗರದ ಸದಸ್ಯೆ: 1995ರ ಸೆಪ್ಟೆಂಬರ್ ಮಧ್ಯದಲ್ಲಿ.

ಹವ್ಯಾಸಿ: ಹಾಗಾದರೆ ಅವರದು 2025ರ ಮಾರ್ಚ್ ಆರಂಭದಲ್ಲೇ ಮುಗಿದಿದೆ, ಅದೂ ಒಂದೇ ಬಾರಿ. ಆಗ ನಿಮ್ಮಿಬ್ಬರ ನಡುವೆ ಏನು ನಡೆಯಿತು?

ಜಯನಗರದ ಸದಸ್ಯೆ: ಏನೂ ಇಲ್ಲ. ಅವನ ತಂದೆಯ ಮಂಡಿ ಶಸ್ತ್ರಚಿಕಿತ್ಸೆಯ ಓಡಾಟದಲ್ಲಿ ನಾವು ಸರಿಯಾಗಿ ಭೇಟಿಯಾಗಿಯೂ ಇರಲಿಲ್ಲ.

ವಿಜಯನಗರದ ಗೃಹಿಣಿ: ನನ್ನ ಮಗನಿಗೂ ಇಪ್ಪತ್ತೊಂಬತ್ತು. ಕೆಲಸ ಬಿಟ್ಟು ಮನೆಯಲ್ಲಿ ಕುಳಿತಿದ್ದಾನೆ, ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿಸುತ್ತಿದ್ದೇನೆ. ಕೆಲಸ ಯಾವಾಗ ಸಿಗುತ್ತದೆ ಗುರುಗಳೇ?

ಜ್ಯೋತಿಷಿ: ಅಮ್ಮಾ, ಅದನ್ನು ಜಾತಕ ನೋಡದೆ ಹೇಳಲಾಗದು, ಪ್ರತ್ಯೇಕವಾಗಿ ಕೇಳಿ. ಇನ್ನು ಆ ಗೆಳೆಯನ ವಿಷಯ: ತಂದೆಯ ಹೊಣೆ ಹೆಗಲಿಗೆ ಬಂದದ್ದೇ ಶನಿಯ ಫಲ ಎಂದು ನಮ್ಮವರು ಹೇಳಬಲ್ಲರು. ಆದರೆ ಮದುವೆ, ಮುರಿತ, ಮಂಡಿನೋವು ಏನೇ ಆದರೂ ಲೆಕ್ಕಕ್ಕೆ ಹೊಂದುವುದಾದರೆ ಆ ಲೆಕ್ಕದಿಂದ ನಿರ್ಧಾರಕ್ಕೆ ಏನು ಸಿಕ್ಕಿತು? ಪಶ್ಚಿಮದ ಪದ್ಧತಿಯಲ್ಲೂ ಬಲ್ಲವರು ಜನ್ಮಶನಿ ಜಾತಕದ ಯಾವ ಭಾವದಲ್ಲಿ, ಅಂದರೆ ಎಷ್ಟನೆಯ ಮನೆಯಲ್ಲಿದೆ ಎಂದು ಮೊದಲು ಕೇಳುತ್ತಾರೆ. ಏಳರಲ್ಲಿದ್ದರೆ ದಾಂಪತ್ಯ, ಹತ್ತರಲ್ಲಿದ್ದರೆ ಉದ್ಯೋಗ. ಹುಟ್ಟಿದ ಗಳಿಗೆ ಗೊತ್ತಿಲ್ಲದೆ ಎಲ್ಲರಿಗೂ ಪ್ರೇಮದ ತೀರ್ಪು ಕೊಡುವ ವಿಡಿಯೊ ಅವರ ಶಾಸ್ತ್ರಕ್ಕೂ ಹೊರಗಿನದು.

ಆಪ್ತಸಮಾಲೋಚಕಿ, ಕೋರಮಂಗಲ: ನನ್ನ ಬಳಿ ಬರುವ ಜೋಡಿಗಳಿಗೆ ಈ ವಯಸ್ಸಿನಲ್ಲಿ ಮನೆಯವರ ಒತ್ತಾಯ, ಬಾಡಿಗೆ, ಬೇರೆ ಊರಿನ ಕೆಲಸ ಎಲ್ಲ ಒಟ್ಟಿಗೇ ಬಂದಿರುತ್ತವೆ. ಹನ್ನೊಂದು ತಿಂಗಳ ಕರಾರು ಹಾಕಿದ ಗಡುವನ್ನು ಶನಿಯದೆಂದು ಓದಬೇಡಿ. ಒಂದು ಕೇಳಲೇ? ಅಷ್ಟಮ ಶನಿಯ ಮಾತು ಬಂದಾಗ ನಿಮಗೆ ಸಿಟ್ಟು ಬಂತೋ, ನಿರಾಳವಾಯಿತೋ?

ಜಯನಗರದ ಸದಸ್ಯೆ: ನಿರಾಳ. ಅದನ್ನು ಅವನಿಗೆ ಹೇಳಿಲ್ಲ.

ರಾಜಾಜಿನಗರದ ಸದಸ್ಯ: ಹಾಗಾದರೆ ಮನೆಯ ಜ್ಯೋತಿಷಿ ಹೇಳಿದ್ದೇ ಸರಿಯಾಯಿತಲ್ಲ!

ಜ್ಯೋತಿಷಿ: ಕಾರಣ ಸಿಕ್ಕಿದ್ದಕ್ಕೆ ನಿರಾಳವಾಗಿರಬಹುದು, ತಡವಾಗಲಿ ಎಂಬ ಆಸೆಯಿಂದಲೂ ಆಗಿರಬಹುದು. ಶನಿ ಮೀನವನ್ನು ಪೂರ್ತಿ ಬಿಡುವುದು 2028ರ ಫೆಬ್ರವರಿಗೆ, ನಡುವೆ 2027ರ ಜೂನ್‌ನಿಂದ ನಾಲ್ಕೈದು ತಿಂಗಳು ಮೇಷಕ್ಕೆ ಹೋಗಿ ಬರುತ್ತಾನೆ. ಗುರುವೋ 2026ರ ಜೂನ್ ಆರಂಭದವರೆಗೆ ಮಿಥುನದಲ್ಲಿದ್ದು ಸಿಂಹಕ್ಕೆ ಅನುಕೂಲವಾಗಿದ್ದಾನೆ. ಅಂದರೆ ನನ್ನ ಪಂಚಾಂಗದಲ್ಲೇ ನಿಮಗೆ ಬೇಕು ಎನ್ನಲೂ ಬೇಡ ಎನ್ನಲೂ ಆಧಾರವಿದೆ. ಗೆಳೆಯನಿಗೆ ಶನಿಯ ಹೆಸರಿನಲ್ಲಿ ಉತ್ತರ ಕಳುಹಿಸಬೇಡಿ, ಅವರಿಗೆ ನಿಮ್ಮ ಹಿಂಜರಿಕೆ ಯಾವುದರದು ಎಂಬುದೇ ತಿಳಿಯುವುದಿಲ್ಲ.

ಜಯನಗರದ ಸದಸ್ಯೆ: ಅಮ್ಮನಿಗೆ ಗುರುಬಲದ ವಿಷಯ ಹೇಳಿದರೆ ನಾಳೆಯೇ ಛತ್ರ ನೋಡುತ್ತಾರೆ. ಸದ್ಯಕ್ಕೆ ಕರಾರನ್ನು ಇನ್ನೊಂದು ಅವಧಿಗೆ ಮುಂದುವರಿಸೋಣ ಎಂದು ಅವನಲ್ಲಿ ಕೇಳುತ್ತೇನೆ. ಅವನು ಒಪ್ಪುತ್ತಾನೋ ಇಲ್ಲವೋ ಗೊತ್ತಿಲ್ಲ.