ಸಮಸ್ಯೆ: ‘ಮುಳ್ಳಿರದ ಪಾದದಲಿ ಮುಳ್ಳು ನೆಟ್ಟಿತ್ತು’

ಚೌಪದಿಪ್ರಿಯ:
ಈ ಸಲದ ಸಮಸ್ಯೆಗೆ ಒಂದು ಚಿತ್ರವೂ ಜೊತೆಗಿದೆ. ನನ್ನ ಕೋಣೆಯ ಗೋಡೆಯಲ್ಲಿ ರವಿವರ್ಮರ ಶಕುಂತಲೆಯ ಅಚ್ಚುಪ್ರತಿ ತೂಗುತ್ತಿದೆ. ಅವಳು ಒಂದು ಕಾಲನ್ನು ಹಿಂದಕ್ಕೆ ಎತ್ತಿದ್ದಾಳೆ. ಒಂದು ಕೈ ಗೆಳತಿಯ ಭುಜದ ಮೇಲಿದೆ, ಇನ್ನೊಂದು ಪಾದದ ಹತ್ತಿರ. ಮುಖ ಮಾತ್ರ ಹಿಂದಕ್ಕೆ ತಿರುಗಿದೆ. ಕಾಲಿಗೆ ಮುಳ್ಳು ಚುಚ್ಚಿತು ಅಂತ ನೆಪ ಹೇಳಿ ದುಷ್ಯಂತನನ್ನು ನೋಡುತ್ತಿದ್ದಾಳೆ. ದುಷ್ಯಂತ ಚಿತ್ರದಲ್ಲಿ ಇಲ್ಲ.

ನಾಲ್ಕನೆಯ ಸಾಲು ಇದು:

ಮುಳ್ಳಿರದ ಪಾದದಲಿ ಮುಳ್ಳು ನೆಟ್ಟಿತ್ತು

ಉಳಿದ ಮೂರು ಸಾಲು ನಿಮ್ಮದು. ಐದೈದು ಮಾತ್ರೆಯ ಮೂರು ಗಣ, ಕೊನೆಗೆ ಮೂರು ಮಾತ್ರೆ. ಎರಡನೆಯ ಅಕ್ಷರ ನಾಲ್ಕೂ ಸಾಲಿನಲ್ಲಿ ‘ಳ್ಳ’ಕಾರವೇ ಇರಬೇಕು. ಒಂದು ಷರತ್ತು ಜಾಸ್ತಿ ಇದೆ: ಪದ್ಯ ಚಿತ್ರವನ್ನು ವರ್ಣಿಸಿದರೆ ಸಾಲದು, ಅದರ ಜೊತೆ ವಾದ ಮಾಡಬೇಕು.

ಹೊಸಹೆಜ್ಜೆ:
ನನ್ನ ಮೊದಲ ಪ್ರಯತ್ನ. ಮಾತ್ರೆ ಎಣಿಸಿಯೇ ಬರೆದೆ.

ಬಳ್ಳಿಯೊಲು ಬಾಗಿಹಳು ಗೆಳತಿಯನು ಹಿಡಿದು
ಕಳ್ಳನೋಟವ ಹಿಂದೆ ತಿರುಗಿಸುತ ನಿಂದು
ಮೆಲ್ಲಗೆತ್ತಿದ ಕಾಲ ಬೆರಳಿನಲಿ ಸವರಿ
ಮುಳ್ಳಿರದ ಪಾದದಲಿ ಮುಳ್ಳು ನೆಟ್ಟಿತ್ತು

ಮಳೆಬಿಲ್ಲು:
ಚೆನ್ನಾಗಿದೆ! ಮುಳ್ಳು ಅಂದರೆ ಪ್ರೇಮ, ಅಲ್ವಾ? ಕಾಲಿನಲ್ಲಿ ಇಲ್ಲ, ಮನಸ್ಸಿನಲ್ಲಿ ಇದೆ. ಸಮಸ್ಯೆ ಬಿಡಿಸಿದ ಹಾಗಾಯಿತು.

ಹಳೇಗನ್ನಡಿ:
ಹೊಸಹೆಜ್ಜೆಯವರೇ, ಮಾತ್ರೆ ಎಲ್ಲೂ ತಪ್ಪಿಲ್ಲ. ಆದರೆ ಎರಡು ಮಾತು ಹೇಳಬೇಕು.

ಮೊದಲನೆಯದು ಸಣ್ಣದು. ಮೂರನೆಯ ಸಾಲಿನಲ್ಲಿ ‘ಮೆಲ್ಲ’ ಬಂದಿದೆ. ಉಳಿದ ಕಡೆ ‘ಳ್ಳ’, ಇಲ್ಲಿ ‘ಲ್ಲ’. ಪ್ರಾಸ ಮುರಿಯಿತು.

ಎರಡನೆಯದು ದೊಡ್ಡದು. ಒಂದು ಪರೀಕ್ಷೆ ಮಾಡಿ ನೋಡಿ. ಪದ್ಯದ ಒಂದೊಂದು ಪದವನ್ನೂ ತೆಗೆದುಕೊಂಡು, ಚಿತ್ರದ ಮೇಲೆ ಬೆರಳಿಟ್ಟು ಅದನ್ನು ತೋರಿಸಲು ಆಗುತ್ತದೆಯೇ ಅಂತ ಕೇಳಿ. ತೋರಿಸಲು ಆದರೆ ಆ ಪದವನ್ನು ಹೊಡೆದು ಹಾಕಿ. ಬಾಗಿದ್ದಾಳೆ, ತೋರಿಸಬಹುದು. ಗೆಳತಿಯನ್ನು ಹಿಡಿದಿದ್ದಾಳೆ, ತೋರಿಸಬಹುದು. ತಿರುಗಿದ ನೋಟ, ಎತ್ತಿದ ಕಾಲು, ಬೆರಳು, ಎಲ್ಲವೂ ಅಲ್ಲಿವೆ. ಕೊನೆಗೆ ಉಳಿಯುವುದು ‘ಬಳ್ಳಿ’ ಒಂದೇ. ಅಂದರೆ ಆ ಒಂದು ಹೋಲಿಕೆ ಮಾತ್ರ ನಿಮ್ಮದು, ಉಳಿದದ್ದೆಲ್ಲ ರವಿವರ್ಮರದು.

ಮಳೆಬಿಲ್ಲು:
ಲ ಮತ್ತು ಳ ಹತ್ತಿರದ ದನಿಗಳು, ಸರ್. ಕಿವಿಗೆ ಏನೂ ತೊಂದರೆ ಆಗಲಿಲ್ಲ. ಅಷ್ಟು ಬಿಗಿ ಬೇಕಾ?

ಹಳೇಗನ್ನಡಿ:
ನನ್ನ ಕಿವಿಗೆ ಆಯಿತು. ಬೇರೆಯವರು ಒಪ್ಪಬಹುದು, ನಾನು ಒಪ್ಪಲ್ಲ. ಆದರೆ ಬಿಗಿಯಿಂದ ಏನು ಸಿಗುತ್ತದೆ ನೋಡಿ. ‘ಮೆಲ್ಲಗೆ’ ಬಿಟ್ಟು ‘ಳ್ಳ’ ಇರುವ ಪದ ಹುಡುಕಲೇಬೇಕು ಅಂತಾದಾಗ ನನಗೆ ಇದು ಹೊಳೆಯಿತು:

ಒಳ್ಳೆ ನೆಪದಲಿ ಕಾಲ ಬೆರಳಿನಲಿ ಸವರಿ

ಮಾತ್ರೆ ಅಷ್ಟೇ. ಈಗ ಚಿತ್ರದಲ್ಲಿ ‘ನೆಪ’ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ. ಆಗಲ್ಲ. ಚಿತ್ರಕ್ಕೆ ಸಿಗದ ಒಂದು ಪದವನ್ನು ಪ್ರಾಸವೇ ತಂದುಕೊಟ್ಟಿತು.

ಹೊಸಹೆಜ್ಜೆ:
ಸರ್, ಇದು ನನಗೆ ನಿಜವಾಗಿ ಹೊಸದು. ಹಾಗಾದರೆ ಈಗ ಪದ್ಯ ಸರಿಯಾಯಿತಾ?

ಹಳೇಗನ್ನಡಿ:
ಅರ್ಧ. ಮುಳ್ಳಿಲ್ಲ ಅನ್ನುವುದು ನೆಪದಿಂದ ಗೊತ್ತಾಯಿತು. ‘ಮುಳ್ಳು ನೆಟ್ಟಿತ್ತು’ ಅನ್ನುವುದಕ್ಕೆ ಮೂರು ಸಾಲಿನಲ್ಲಿ ಎಲ್ಲೂ ಕಾರಣ ಇಲ್ಲ. ಪ್ರೇಮವೇ ಮುಳ್ಳು ಅಂತ ಓದುಗರೇ ಊಹಿಸಿಕೊಳ್ಳಬೇಕು. ಅದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ಚಿತ್ರವೇ ಅದನ್ನು ಹೇಳಿ ಆಗಿದೆ. ಹಾಗಿದ್ದಾಗ ವಾದ ಎಲ್ಲಿ?

ಚೌಪದಿಪ್ರಿಯ:
ನಾನು ಈ ಚಿತ್ರವನ್ನೇ ಯಾಕೆ ಆರಿಸಿದೆ ಅಂತ ಇಲ್ಲಿ ಹೇಳಿಬಿಡುತ್ತೇನೆ. ಬಣ್ಣಕ್ಕೆ ‘ಇಲ್ಲ’ ಅನ್ನಲು ಬರುವುದಿಲ್ಲ. ಮುಳ್ಳು ತೆಗೆಯುತ್ತಿರುವ ಹುಡುಗಿಯನ್ನು ಬರೆಯಬಹುದು. ಮುಳ್ಳು ಇಲ್ಲದೆ ಮುಳ್ಳು ತೆಗೆಯುತ್ತಿರುವ ಹುಡುಗಿಯನ್ನು ಬರೆದರೂ ನೋಡುವವರಿಗೆ ಎರಡೂ ಒಂದೇ. ಕಥೆ ಗೊತ್ತಿಲ್ಲದವರಿಗೆ ಹೆಸರು ಹೇಳದೆ ತೋರಿಸಿದರೆ ‘ಪಾಪ, ಕಾಲಿಗೆ ಏನೋ ಚುಚ್ಚಿದೆ, ಯಾರೋ ಕೂಗಿದರು, ತಿರುಗಿ ನೋಡಿದಳು’ ಅಂತಾರೆ. ಪದ್ಯಕ್ಕೆ ‘ಇಲ್ಲ’ ಇದೆ, ‘ಆಮೇಲೆ’ ಇದೆ, ‘ಆದರೆ’ ಇದೆ. ವಾದ ಶುರುವಾಗುವುದು ಅಲ್ಲಿಂದ.

ಹಳೇಗನ್ನಡಿ:
ಇದನ್ನು ಪೂರ್ತಿ ಒಪ್ಪಲಾರೆ. ರವಿವರ್ಮರು ‘ಇಲ್ಲ’ ಅಂದಿದ್ದಾರೆ, ಅವರದೇ ರೀತಿಯಲ್ಲಿ. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ನಿಜವಾಗಿ ಮುಳ್ಳು ತೆಗೆಯುವವರು ಪಾದವನ್ನೇ ನೋಡುತ್ತಾರೆ. ಜೊತೆಗೆ ಮುಖದಲ್ಲಿ ನೋವಿಲ್ಲ.

ಇನ್ನೊಂದು ವಿಷಯ. ಕಾಳಿದಾಸನ ನಾಟಕದಲ್ಲಿ ಅವಳು ಎರಡು ನೆಪ ಹೇಳುತ್ತಾಳೆ. ಮೊದಲ ಅಂಕದ ಕೊನೆಯಲ್ಲಿ, ಹೊಸ ದರ್ಭೆಯ ಮೊನೆ ಕಾಲಿಗೆ ಚುಚ್ಚಿತು ಅಂತಾಳೆ, ನಾರುಡೆ ಗಿಡದ ಕೊಂಬೆಗೆ ಸಿಕ್ಕಿಕೊಂಡಿತು ಅಂತಾಳೆ, ಬಿಡಿಸಿಕೊಳ್ಳುವ ತನಕ ಕಾಯಿರಿ ಅಂತಾಳೆ. ಎರಡನೆಯ ಅಂಕದಲ್ಲಿ ದುಷ್ಯಂತ ಇದನ್ನೇ ವಿದೂಷಕನಿಗೆ ನೆನೆಸಿಕೊಂಡು ಹೇಳುತ್ತಾನೆ. ಬಟ್ಟೆ ಕೊಂಬೆಗೆ ಸಿಕ್ಕಿಕೊಂಡೇ ಇರಲಿಲ್ಲ ಅನ್ನುವುದೂ ಅವನ ಮಾತಿನಲ್ಲೇ ಇದೆ. ನೋಡಿ, ‘ಇರಲಿಲ್ಲ’ ಅಂತ ನಾಟಕ ಬಾಯಿಬಿಟ್ಟು ಹೇಳುತ್ತದೆ. ಚಿತ್ರಕಾರರು ಎರಡರಲ್ಲಿ ಪಾದವನ್ನು ಮಾತ್ರ ಉಳಿಸಿಕೊಂಡರು. ದರ್ಭೆ ನಮ್ಮ ಬಾಯಲ್ಲಿ ಮುಳ್ಳಾಯಿತು.

ಕಿಟಕಿಪಕ್ಕ:
ನಿಮ್ಮ ವಾದಕ್ಕೆ ಇದು ಸೇರುತ್ತೋ ಇಲ್ಲವೋ ಗೊತ್ತಿಲ್ಲ, ನಮ್ಮ ಮನೆಯ ಪಟದ ವಿಷಯ ಹೇಳುತ್ತೇನೆ. ಅಜ್ಜಿಯ ಕೋಣೆಯಲ್ಲಿ ಇದೇ ಶಕುಂತಲೆ ಇದ್ದಳು. ಗಾಜು ಒಡೆದು, ಚೌಕಟ್ಟು ಕಳಚಿ, ಬರೀ ಕಾಗದ ಉಳಿಯಿತು. ಕೆಳಗಿನ ಅಂಚು ಮೇಲಕ್ಕೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಯಾರೋ ಅದಕ್ಕೆ ಪಿನ್ನು ಚುಚ್ಚಿದರು. ಅದು ಸರಿಯಾಗಿ ಅವಳ ಪಾದಕ್ಕೇ ಬಿತ್ತು. ಅಜ್ಜಿ ಇದ್ದಷ್ಟು ದಿನ ಅದನ್ನು ಕಂಡು ಬೇಜಾರು ಮಾಡಿಕೊಳ್ಳುತ್ತಿದ್ದರು. ಕಿತ್ತರೆ ತೂತು ಕಾಣುತ್ತೆ ಅಂತ ಕೀಳಲೂ ಇಲ್ಲ.

ಬೆಳ್ಳಿಬಣ್ಣದ ಕಟ್ಟು ಕಳಚಿದಾ ಪಟಕೆ
ತಳ್ಳಿ ಗೋಡೆಗೆ ಬುಡವ ಬಿಗಿಯಲೆಂದೊತ್ತಿ
ಕಳ್ಳ ಕೈ ಯಾವುದೋ ಪಿನ್ನ ಜಡಿದಂದು
ಮುಳ್ಳಿರದ ಪಾದದಲಿ ಮುಳ್ಳು ನೆಟ್ಟಿತ್ತು

ಹಳೇಗನ್ನಡಿ:
ಸಮಸ್ಯಾಪೂರಣ ಅಂದರೆ ಇದು. ಕೊಟ್ಟ ಸಾಲಿನಲ್ಲಿ ಎರಡು ಮಾತು ಒಂದಕ್ಕೊಂದು ಹೊಡೆದಾಡುತ್ತವೆ. ಎರಡನ್ನೂ ನಿಜ ಮಾಡಬೇಕು, ಅದೂ ಒತ್ತಾಯ ಕಾಣದ ಹಾಗೆ. ಬರೆದ ಪಾದದಲ್ಲಿ ಮುಳ್ಳಿಲ್ಲ, ಕಾಗದದ ಪಾದದಲ್ಲಿ ಇದೆ. ಎರಡೂ ಉಳಿದವು.

ಮಳೆಬಿಲ್ಲು:
ಆದರೆ ಇದು ಕಾಗದದ ಜೊತೆ ವಾದ, ಚಿತ್ರದ ಜೊತೆ ಅಲ್ಲ. ರವಿವರ್ಮರು ಆ ಪಿನ್ನು ಬರೆದಿಲ್ಲವಲ್ಲ.

ಕಿಟಕಿಪಕ್ಕ:
ನನಗೆ ಗೊತ್ತಿರುವ ಶಕುಂತಲೆ ಆ ಕಾಗದದವಳೇ. ಬೇರೆ ಯಾವುದನ್ನೂ ನಾನು ಕಂಡಿಲ್ಲ.

ಚೌಪದಿಪ್ರಿಯ:
ಕಿಟಕಿಪಕ್ಕ ಅವರ ಮಾತಿನಲ್ಲಿ ತೂಕ ಇದೆ. ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಶುರು ಮಾಡಿದ ಮೇಲೆ ಅವರ ಚಿತ್ರಗಳು ಮನೆ ಮನೆಗೆ ಬಂದದ್ದು ಕಾಗದದ ಮೇಲೇ. ಕೋಣೆಯಲ್ಲಿ ತೂಗುವ ಚಿತ್ರದ ಮೇಲೆ ಬರೆಯುವಾಗ ಮೊಳೆ, ಗಾಜಿನ ಹೊಳಪು, ಮಾಸಿದ ಬಣ್ಣ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಅವನ್ನು ಬಿಡಬೇಕು ಅಂತ ನಾನು ಹೇಳಲಾರೆ.

ಇಬ್ಬನಿ:
ನನ್ನ ಜಗಳ ಚಿತ್ರದ ಹೊತ್ತಿನ ಜೊತೆ. ಗೋಡೆಯ ಮೇಲೆ ಅವಳಿಗೆ ಯಾವತ್ತೂ ಅದೇ ದಿನ. ಆಮೇಲೆ ಏನಾಯಿತು ಅಂತ ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅದಕ್ಕೆ ಹೀಗೆ ಬರೆದೆ:

ಸುಳ್ಳೆಂದು ನಕ್ಕಿದ್ದ ಗೆಳತಿಯರೆ, ಕೇಳಿ,
ಒಳ್ಳೆ ದೊರೆ ಗುರುತಿರದೆ ಹೊರಗಟ್ಟಿದಂದು
ಹಳ್ಳ ಹೊಲ ದಾಟುತ್ತ ತಿರುಗಿ ನೋಡದಲೆ
ಮುಳ್ಳಿರದ ಪಾದದಲಿ ಮುಳ್ಳು ನೆಟ್ಟಿತ್ತು

ಹೊಸಹೆಜ್ಜೆ:
‘ತಿರುಗಿ ನೋಡದಲೆ’! ಚಿತ್ರದಲ್ಲಿ ಅವಳು ಮಾಡುತ್ತಿರುವುದು ತಿರುಗಿ ನೋಡುವುದನ್ನೇ. ಬೆರಳಿನ ಪರೀಕ್ಷೆ ಮಾಡಿದೆ. ಗೆಳತಿಯರು ಮತ್ತು ಪಾದ ಬಿಟ್ಟರೆ ಏನನ್ನೂ ತೋರಿಸಲು ಆಗಲಿಲ್ಲ.

ಹಳೇಗನ್ನಡಿ:
ಪದ್ಯ ಮನಸ್ಸಿಗೆ ತಾಗಿತು, ಇಬ್ಬನಿ. ಒಂದೇ ತೊಡಕು. ನಾಟಕದಲ್ಲಿ ರಾಜ ಒಲ್ಲೆ ಅಂದ ಮೇಲೆ ಅವಳು ಹಳ್ಳ ಹೊಲ ದಾಟಿ ನಡೆದು ಹೋಗುವುದಿಲ್ಲ. ಹೆಣ್ಣಿನ ಆಕಾರದ ಒಂದು ಬೆಳಕು ಬಂದು ಎತ್ತಿಕೊಂಡು ಹೋಗುತ್ತದೆ. ಅವಳು ನಡೆದದ್ದು ಅದಕ್ಕೆ ಮೊದಲು, ಆಶ್ರಮದಿಂದ ಅರಮನೆಗೆ.

ಇಬ್ಬನಿ:
ಹೌದು ಸರ್, ಮರೆತಿದ್ದೆ. ತಿದ್ದಿದೆ:

ಸುಳ್ಳೆಂದು ನಕ್ಕಿದ್ದ ಗೆಳತಿಯರೆ, ಕೇಳಿ,
ಹಳ್ಳ ಹೊಲ ದಾಟಿ ಬಂದರಮನೆಯ ನಡುವೆ
ಒಳ್ಳೆ ದೊರೆ ಗುರುತಿರದೆ ತಲೆಯಾಡಿಸಿರಲು
ಮುಳ್ಳಿರದ ಪಾದದಲಿ ಮುಳ್ಳು ನೆಟ್ಟಿತ್ತು

ಕಥೆಗೆ ಸರಿಹೋಯಿತು. ಆದರೆ ‘ತಿರುಗಿ ನೋಡದಲೆ’ ಹೋಯಿತು. ನನಗೆ ಅದೇ ಬೇಕಿತ್ತು.

ಕಿಟಕಿಪಕ್ಕ:
ಮೊದಲಿನದೇ ಇರಲಿ. ನಿಮ್ಮ ಜಗಳ ಗೋಡೆಯ ಚಿತ್ರದ ಜೊತೆ, ನಾಟಕದ ಜೊತೆ ಅಲ್ಲ.

ಹಳೇಗನ್ನಡಿ:
ಗುರುತು ಮರೆತ ದೊರೆ ಎಲ್ಲಿಂದ ಬಂದ? ಚಿತ್ರದಿಂದ ಅಲ್ಲ, ಕಥೆಯಿಂದ. ಕಥೆಯಿಂದ ಒಂದು ಸಾಕ್ಷಿ ಕರೆದ ಮೇಲೆ ಅದರ ಉಳಿದ ಮಾತನ್ನೂ ಕೇಳಬೇಕು. ನಾನಾದರೆ ತಿದ್ದಿದ್ದನ್ನೇ ಇಟ್ಟುಕೊಳ್ಳುತ್ತೇನೆ.

ಇಬ್ಬನಿ:
ಎರಡೂ ಇರಲಿ. ನನಗೆ ಇನ್ನೂ ತೀರ್ಮಾನ ಆಗಿಲ್ಲ.

ಮಳೆಬಿಲ್ಲು:
ನಾನು ಇನ್ನೊಂದು ದಾರಿ ಯೋಚಿಸಿದ್ದೆ. ಅವಳು ನೋಡುತ್ತಿರುವುದು ನಮ್ಮನ್ನೇ, ಹಾಗಾಗಿ ನಾವೇ ದುಷ್ಯಂತ ಅಂತ.

ಚೌಪದಿಪ್ರಿಯ:
ಈಗಷ್ಟೇ ಎದ್ದು ಹೋಗಿ ನೋಡಿ ಬಂದೆ. ಅವಳ ಕಣ್ಣು ನಮ್ಮ ಮೇಲಿಲ್ಲ, ಚೌಕಟ್ಟಿನ ಆಚೆಗೆ ಹೋಗುತ್ತದೆ. ನಾವು ಪಕ್ಕದಲ್ಲಿ ನಿಂತು ಕದ್ದು ನೋಡುವವರು. ಅದರ ಮೇಲೂ ಒಂದು ಪದ್ಯ ಆದೀತು, ಬರೆಯಿರಿ.

ಹೊಸಹೆಜ್ಜೆ:
ಇನ್ನೊಮ್ಮೆ ಬರೆದೆ. ಈ ಸಲ ಚಿತ್ರವನ್ನು ತುಂಬಾ ಹೊತ್ತು ನೋಡಿದೆ. ಎಲ್ಲರೂ ಅವಳ ಪಾದ ನೋಡಿದ್ದೀರಿ, ನಾನು ಗೆಳತಿಯ ಭುಜ ನೋಡಿದೆ. ನಿಜವಾಗಿ ಮುಳ್ಳು ಚುಚ್ಚಿದವಳು ಒಂಟಿ ಕಾಲಲ್ಲಿ ನಿಂತರೆ ಮೈಯ ಭಾರ ಎಲ್ಲಾ ಆ ಭುಜದ ಮೇಲೆ ಬರಬೇಕಲ್ವಾ? ಅದು ಬಂದಿತ್ತೋ ಇಲ್ಲವೋ ಅನ್ನುವುದು ಆ ಗೆಳತಿಯೊಬ್ಬಳಿಗೇ ಗೊತ್ತು. ಅದಕ್ಕೆ ಅವಳ ಕೈಲೇ ಹೇಳಿಸಿದೆ.

ಸುಳ್ಳೆಂದು ತಿಳಿದಿತ್ತು, ಭುಜ ಹೇಳಿತೆನಗೆ:
ಎಳ್ಳನಿತು ಭಾರವನು ಬಿಡಲಿಲ್ಲ ನೀನು;
ಕಳ್ಳಿ, ನೀ ನಿಂತುದಕೆ ಕಾದು ನಿಂತೆನ್ನ
ಮುಳ್ಳಿರದ ಪಾದದಲಿ ಮುಳ್ಳು ನೆಟ್ಟಿತ್ತು

ಕಿಟಕಿಪಕ್ಕ:
ಕಾದು ನಿಂತವಳ ಕಾಲಿಗೆ!

ಹಳೇಗನ್ನಡಿ:
ಮುಳ್ಳಿರದ ಪಾದ ಅವಳದಲ್ಲ, ಗೆಳತಿಯದು. ಸಮಸ್ಯೆಯ ಸಾಲನ್ನು ಮುಟ್ಟದೆ ಪಾದವನ್ನೇ ಬದಲಾಯಿಸಿದಿರಿ. ಹೇಳಿ, ಮಾತಾಡುತ್ತಿರುವವಳು ಅನಸೂಯೆಯೋ, ಪ್ರಿಯಂವದೆಯೋ?

ಹೊಸಹೆಜ್ಜೆ:
ಗೊತ್ತಿಲ್ಲ ಸರ್. ಚಿತ್ರದಲ್ಲಿ ಹೆಸರು ಬರೆದಿಲ್ಲ.