ಇನ್ನಿಬ್ಬರಿಗೆ ಲಾಗಿನ್ ಬೇಕು, ಡೇಟಾನೂ ಹೊರಗೆ ಬರಬೇಕು: ಸಾಫ್ಟ್‌ವೇರ್ ಕಂಪನಿಗೆ ಏನಂತ ಬರೆಯಲಿ?

ಕೇಳಿದವರು: ನಮ್ಮದು ಸ್ಪೇರ್ ಪಾರ್ಟ್ಸ್ ಸಗಟು ವ್ಯಾಪಾರ, ಚಿಕ್ಕದು. ಬಿಲ್ಲು, ಸ್ಟಾಕು ಎಲ್ಲಾ ಆನ್‌ಲೈನ್ ಸಾಫ್ಟ್‌ವೇರ್‌ನಲ್ಲಿ. ಈಗಿರುವುದು 3 ಯೂಸರ್ ಪ್ಲಾನ್, ಇನ್ನಿಬ್ಬರು ಬೇಕು. ಡೇಟಾ ಎಕ್ಸ್‌ಪೋರ್ಟ್ ಕೂಡ ಬೇಕು. ಕಂಪನಿಗೆ ಹೀಗೆ ಬರೆದಿಟ್ಟಿದ್ದೇನೆ: "ಸರ್, ಎಕ್ಸ್‌ಟ್ರಾ ಯೂಸರ್ ಮತ್ತು ಡೇಟಾ ಎಕ್ಸ್‌ಪೋರ್ಟ್ ಯಾವ ಪ್ಲಾನ್‌ನಲ್ಲಿ ಬರುತ್ತದೆ ತಿಳಿಸಿ." ಇಷ್ಟು ಸಾಕಾ? ಇಂಥ ಪತ್ರ ಬರೆದು ಅನುಭವ ಇರುವವರು ಹೇಳಿ.

ಪ್ರಿಂಟಿಂಗ್ ಪ್ರೆಸ್ ನಡೆಸುವವರು: ಸಾಕು ಬಿಡಿ, ಇದಕ್ಕೆಲ್ಲ ಪತ್ರ ಯಾಕೆ? ಯೂಸರ್ ಅನ್ನೋದು ಆಡ್-ಆನ್, ತಲೆಗೆ ಇಷ್ಟು ಅಂತ ದುಡ್ಡು ಕಟ್ಟಿದರೆ ಆಯಿತು. ಎಕ್ಸ್‌ಪೋರ್ಟ್ ಬಟನ್ ಎಲ್ಲಾ ಪ್ಲಾನ್‌ನಲ್ಲೂ ಇರುತ್ತದೆ, ನಾನು ದಿನಾ ಒತ್ತುತ್ತೇನೆ. ಒಂದೇ ತೊಂದರೆ ಅಂದರೆ ನಮ್ಮ ಸಾಫ್ಟ್‌ವೇರ್‌ನ ಎಕ್ಸ್‌ಪೋರ್ಟೇ ಕೆಟ್ಟದ್ದು. ಕನ್ನಡದ ಹೆಸರುಗಳೆಲ್ಲ `à²°` ಅಂತ ಏನೇನೋ ಆಗಿ ಬರುತ್ತವೆ.

ಲೆಕ್ಕದ ಡೇಟಾ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಕೆಲಸ ಮಾಡುವವರು: ಪ್ರೆಸ್‌ನವರು ಬಟನ್ ಇರುತ್ತದೆ ಅಂದಿದ್ದು ಸರಿ. ಆದರೆ ಆ ಬಟನ್ ಏನು ಕೊಡುತ್ತದೆ ಅನ್ನೋದೇ ಬೇರೆ ಕಥೆ. ನನ್ನ ಹತ್ತಿರ ಒಬ್ಬರು ಎರಡು ವರ್ಷದ ಬಿಲ್ಲುಗಳನ್ನು ಎಕ್ಸ್‌ಪೋರ್ಟ್ ಮಾಡಿ ತಂದರು. ಹಳೇ ಸಾಫ್ಟ್‌ವೇರ್‌ನ ಚಂದಾ ಅಷ್ಟೊತ್ತಿಗೆ ಮುಗಿದಿತ್ತು. ಫೈಲ್ ತೆರೆದರೆ ಹೀಗಿತ್ತು:

```
Invoice No,Date,Customer,Total
1042,03/04/2025,C-118,8640
```

ಬಿಲ್ ನಂಬರ್, ತಾರೀಖು, ಗಿರಾಕಿ, ಒಟ್ಟು ಮೊತ್ತ, ಅಷ್ಟೇ. ಆ 8640ಕ್ಕೆ ಯಾವ ಸಾಮಾನು ಎಷ್ಟು ಹೋಯಿತು ಅನ್ನೋದು ಎಲ್ಲೂ ಇಲ್ಲ. ಅವರು ಒತ್ತಿದ್ದು ರಿಪೋರ್ಟ್ ಎಕ್ಸ್‌ಪೋರ್ಟ್. ತೆರೆಯ ಮೇಲೆ ಕಾಣುವ ಪಟ್ಟಿಯನ್ನೇ ಫೈಲ್ ಮಾಡಿ ಕೊಡುತ್ತದೆ. ನಿಮಗೆ ಬೇಕಾಗುವುದು ಹೀಗಿರಬೇಕು:

```
Invoice No,Date,Customer,Item Code,Qty,Rate
1042,03/04/2025,C-118,00731,12,450
1042,03/04/2025,C-118,00865,9,360
```

ಒಂದೇ ಬಿಲ್ಲು, ಎರಡು ಸಾಮಾನು, ಅದಕ್ಕೇ ಎರಡು ಸಾಲು. ಸ್ಪೇರ್ ಪಾರ್ಟ್ಸ್ ವ್ಯಾಪಾರದಲ್ಲಿ ಈ ಸಾಲುಗಳಿಲ್ಲದೆ ಯಾವ ಪಾರ್ಟ್ ಯಾರಿಗೆ ಹೋಯಿತು ಅಂತ ಹುಡುಕೋಕೇ ಆಗಲ್ಲ, ಅಲ್ವಾ? ಹಾಗಾಗಿ ಪತ್ರದಲ್ಲಿ "ಎಕ್ಸ್‌ಪೋರ್ಟ್ ಇದೆಯಾ" ಅಂತ ಕೇಳಬೇಡಿ. ಅದಕ್ಕೆ ಎಲ್ಲರೂ "ಇದೆ" ಅಂತಲೇ ಹೇಳುತ್ತಾರೆ, ಸುಳ್ಳೂ ಅಲ್ಲ. "ಬಿಲ್ಲಿನ ಒಳಗಿನ ಒಂದೊಂದು ಐಟಂ ಕೂಡ ಬೇರೆ ಸಾಲಾಗಿ ಬರುತ್ತದಾ" ಅಂತ ಕೇಳಿ.

ಇನ್ನೊಂದು ಮಾತು. ಮೇಲಿನ ತಾರೀಖು ನೋಡಿ. ಅದು ಏಪ್ರಿಲ್ 3ಓ, ಮಾರ್ಚ್ 4ಓ? ಫೈಲ್ ನೋಡಿ ಹೇಳೋಕಾಗಲ್ಲ. 12ರ ಒಳಗಿನ ತಾರೀಖುಗಳೆಲ್ಲ ಹೀಗೆ ಅದಲುಬದಲಾಗಬಹುದು. 13ರ ಮೇಲಿನ ಒಂದು ಬಿಲ್ಲು ಹುಡುಕಿದರೆ ಯಾವುದು ಮೊದಲು ಅಂತ ಗೊತ್ತಾಗುತ್ತದೆ.

ಪ್ರೆಸ್‌ನವರೇ, ನಿಮ್ಮ ಫೈಲ್ ಬಹುಶಃ ಚೆನ್ನಾಗಿಯೇ ಇದೆ. ಸಿಎಸ್‌ವಿ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಎಕ್ಸೆಲ್ ಕೆಲವು ಸಲ ಅಕ್ಷರಗಳನ್ನು ತಪ್ಪಾಗಿ ಓದುತ್ತದೆ. ಖಾಲಿ ಶೀಟ್ ತೆರೆದು, `Data` ಮೆನುವಿನಲ್ಲಿ `From Text/CSV` ಆರಿಸಿ, `File Origin` ಕಡೆ 65001 ಇರುವ ಸಾಲನ್ನು ಇಡಿ. ಕನ್ನಡ ವಾಪಸ್ ಬರುತ್ತದೆ. ಐಟಂ ಕೋಡ್ ಕಾಲಂ ಅನ್ನು ಟೆಕ್ಸ್ಟ್ ಅಂತ ಮಾಡಿ, ಇಲ್ಲದಿದ್ದರೆ 00731 ಹೋಗಿ 731 ಆಗುತ್ತದೆ. ಹಾಗೆ ತೆರೆದಿದ್ದನ್ನು ಸೇವ್ ಮಾಡಿಬಿಟ್ಟರೆ ಆ ಸೊನ್ನೆಗಳು ಹೋದಂತೆಯೇ.

ಪ್ರಿಂಟಿಂಗ್ ಪ್ರೆಸ್ ನಡೆಸುವವರು: ಅಯ್ಯೋ, ಸರಿ ಬಂತು! ಇದಕ್ಕೆ ಅವರ ಹತ್ತಿರ ಮೂರು ಸಲ ಜಗಳ ಆಡಿದ್ದೆ.

ಬಟ್ಟೆ ವ್ಯಾಪಾರ ಮಾಡುವವರು: ನಮ್ಮಲ್ಲಿ ನಾಲ್ಕು ಕಂಪ್ಯೂಟರ್, ಒಂದು ಮೊಬೈಲ್ ಇದೆ. ಒಂದೇ ಲಾಗಿನ್‌ನಲ್ಲಿ ಎಲ್ಲರೂ ಕೆಲಸ ಮಾಡುತ್ತೇವೆ, ಏನೂ ಆಗಿಲ್ಲ. ಕಂಪ್ಯೂಟರ್ ಜಾಸ್ತಿ ಆದರೆ ಪ್ಲಾನ್ ಯಾಕೆ ಬದಲಾಯಿಸಬೇಕು?

ಕೇಳಿದವರು: ನಾವೂ ಈಗ ಹಾಗೇ ಮಾಡುತ್ತಿದ್ದೇವೆ, ಅದಕ್ಕೇ ಈ ಪ್ರಶ್ನೆ. ಹೋದ ತಿಂಗಳು ಸ್ಟಾಕಿನಲ್ಲಿ 40 ಬೇರಿಂಗ್ ಕಡಿಮೆ ಬಂತು. ಯಾರೋ ಎಂಟ್ರಿ ತಿದ್ದಿದ್ದಾರೆ. ಹಿಸ್ಟರಿ ತೆಗೆದರೆ ನನ್ನದೇ ಹೆಸರು! ಆ ಲಾಗಿನ್ ಮೂವರ ಕೈಯಲ್ಲಿತ್ತು.

ಮೊದಲು ಇಂಥ ಕಂಪನಿಯೊಂದರ ಸಪೋರ್ಟ್ ಡೆಸ್ಕ್‌ನಲ್ಲಿದ್ದವರು: ಬಟ್ಟೆಯವರು ಹೇಳುತ್ತಿರುವುದು ಕಂಪ್ಯೂಟರ್ ಲೆಕ್ಕದ ಲೈಸೆನ್ಸ್. ಕೆಲವು ಸಾಫ್ಟ್‌ವೇರ್ ಹಾಗೂ ಇರುತ್ತವೆ. ಕೆಲವು ಕಡೆ ಒಂದೇ ಸಲಕ್ಕೆ ಎಷ್ಟು ಜನ ಒಳಗಿದ್ದಾರೆ ಅಂತ ಎಣಿಸುತ್ತಾರೆ. ಅಲ್ಲಿ ಬೆಳಿಗ್ಗೆ ಪಾಳಿಯ ಇಬ್ಬರು, ಸಂಜೆ ಪಾಳಿಯ ಇಬ್ಬರು ಸೇರಿದರೂ ಲೆಕ್ಕಕ್ಕೆ ಇಬ್ಬರೇ. ಇನ್ನು ಕೆಲವು ಕಡೆ ಒಂದು ಇ-ಮೇಲ್‌ಗೆ ಒಂದು ಸೀಟ್, ತಿಂಗಳಿಗೊಮ್ಮೆ ಬಂದರೂ ಸೀಟೇ. ನಿಮ್ಮ ಕಂಪನಿ ಯಾವುದನ್ನು ಎಣಿಸುತ್ತದೆ ಅಂತ ಮೊದಲು ಕೇಳಿ. ಅಂದ ಹಾಗೆ, ಆ ಇನ್ನಿಬ್ಬರು ಯಾರು?

ಕೇಳಿದವರು: ಒಬ್ಬ ಗೋಡೌನ್ ಹುಡುಗ, ದಿನಾ ಸ್ಟಾಕ್ ಹಾಕುತ್ತಾನೆ. ಇನ್ನೊಬ್ಬರು ಲೆಕ್ಕ ನೋಡುವವರು, ತಿಂಗಳಿಗೆ ಒಂದೆರಡು ದಿನ ನೋಡಿ ರಿಪೋರ್ಟ್ ತೆಗೆದುಕೊಳ್ಳುತ್ತಾರೆ ಅಷ್ಟೇ.

ಸಪೋರ್ಟ್ ಡೆಸ್ಕ್‌ನಲ್ಲಿದ್ದವರು: ಹಾಗಾದರೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಲೆಕ್ಕ ನೋಡುವವರಿಗೆ ಕೆಲವು ಕಂಪನಿಗಳು ದುಡ್ಡಿಲ್ಲದೆ ಒಂದು ಸೀಟ್ ಕೊಡುತ್ತವೆ, ಕೇಳಿದರೆ ಮಾತ್ರ. ಕೆಲವರ ಹತ್ತಿರ ಬರೀ ನೋಡುವ ಯೂಸರ್ ಅಂತ ಅಗ್ಗದ್ದು ಇರುತ್ತದೆ. ಆದರೆ ಬರೀ ನೋಡುವವರಿಗೆ ಎಕ್ಸ್‌ಪೋರ್ಟ್ ಬಟನ್ ಕಾಣದೇ ಇರಬಹುದು. ಆಮೇಲೆ ಅವರು ರಿಪೋರ್ಟ್ ಬೇಕಾದಾಗೆಲ್ಲ ನಿಮಗೇ ಫೋನ್ ಮಾಡುತ್ತಾರೆ.

ಪತ್ರದ ಬಗ್ಗೆ ಒಂದು ಒಳಗಿನ ಮಾತು ಹೇಳುತ್ತೇನೆ. ನೀವು ಬರೆದಿಟ್ಟ ಒಂದು ಸಾಲು ಬಂದರೆ ನಾವು ದರಪಟ್ಟಿಯ ಲಿಂಕ್ ಕಳಿಸಿ ಟಿಕೆಟ್ ಮುಚ್ಚುತ್ತಿದ್ದೆವು. ತಪ್ಪು ನಮ್ಮದಲ್ಲ, ಯಾವ ಖಾತೆ, ಯಾವ ಪ್ಲಾನ್ ಅಂತಾನೇ ಗೊತ್ತಾಗುತ್ತಿರಲಿಲ್ಲ. ಹಾಗಂತ ಎರಡು ಪುಟ ಬರೆದರೆ ಅದು ಸೇಲ್ಸ್‌ಗೆ ಹೋಗುತ್ತದೆ. ಅವರು ಫೋನ್ ಮಾಡಿ "ಎಲ್ಲಾ ಇದೆ ಸರ್" ಅಂತಾರೆ. ಫೋನಲ್ಲಿ ಹೇಳಿದ್ದಕ್ಕೆ ಆಮೇಲೆ ಯಾರೂ ಜವಾಬ್ದಾರಿ ತೆಗೆದುಕೊಳ್ಳಲ್ಲ.

ಡೇಟಾ ಸಾಗಿಸುವವರು: ನನಗನ್ನಿಸುವ ಪ್ರಕಾರ ಪತ್ರ ಹೀಗಿರಲಿ. ನಂಬರ್ ಹಾಕಿದರೆ ಉತ್ತರಾನೂ ನಂಬರ್ ಪ್ರಕಾರ ಬರುತ್ತದೆ, ತಪ್ಪಿಸಿಕೊಳ್ಳೋದು ಕಷ್ಟ.

> ವಿಷಯ: 3ರಿಂದ 5 ಯೂಸರ್ ಮತ್ತು ಪೂರ್ತಿ ಡೇಟಾ ಎಕ್ಸ್‌ಪೋರ್ಟ್, ಯಾವ ಪ್ಲಾನ್?
>
> ನಮಸ್ಕಾರ. ನಮ್ಮ ಖಾತೆಯ ಇ-ಮೇಲ್ ಇದೇ. ಈಗಿರುವುದು 3 ಯೂಸರ್ ವಾರ್ಷಿಕ ಪ್ಲಾನ್, ಇನ್ನೂ 5 ತಿಂಗಳು ಇದೆ. ಇಬ್ಬರನ್ನು ಸೇರಿಸಬೇಕು. ಒಬ್ಬರು ದಿನಾ ಸ್ಟಾಕ್ ಎಂಟ್ರಿ ಮಾಡುವವರು, ಅವರಿಗೆ ಬಿಲ್ಲು, ದರ ಕಾಣಬಾರದು. ಇನ್ನೊಬ್ಬರು ತಿಂಗಳಿಗೆ ಒಂದೆರಡು ದಿನ ಲೆಕ್ಕ ನೋಡಿ ರಿಪೋರ್ಟ್ ತೆಗೆಯುವವರು.
>
> 1. ಈಗಿನ ಪ್ಲಾನ್‌ನಲ್ಲೇ ಇಬ್ಬರನ್ನು ಸೇರಿಸಬಹುದಾ? ಉಳಿದ 5 ತಿಂಗಳಿಗೆ ಮಾತ್ರ ದುಡ್ಡು ಕಟ್ಟಬೇಕಾ, ಪೂರ್ತಿ ವರ್ಷಕ್ಕಾ?
> 2. ಎರಡನೆಯವರಿಗೆ ಪೂರ್ತಿ ಸೀಟ್ ಬೇಕಾ? ಕಡಿಮೆ ದರದ ಸೀಟ್ ಇದ್ದರೆ ಅದರಲ್ಲಿ ರಿಪೋರ್ಟ್ ಎಕ್ಸ್‌ಪೋರ್ಟ್ ಮಾಡಬಹುದಾ?
> 3. ಎಲ್ಲಾ ಬಿಲ್ಲುಗಳನ್ನು ಐಟಂ ಸಾಲುಗಳ ಸಮೇತ, ಗಿರಾಕಿ ಪಟ್ಟಿ, ಸ್ಟಾಕ್ ಚಲನೆ, ಬಾಕಿ ಇವಿಷ್ಟನ್ನೂ ನಾವೇ ಎಕ್ಸ್‌ಪೋರ್ಟ್ ಮಾಡಿಕೊಳ್ಳುವ ಸೌಲಭ್ಯ ಯಾವ ಪ್ಲಾನ್‌ನಿಂದ ಶುರು? ಒಂದು ಮಾದರಿ ಫೈಲ್ ಕಳಿಸಿ.
> 4. ಚಂದಾ ನಿಲ್ಲಿಸಿದರೆ ಎಷ್ಟು ದಿನದವರೆಗೆ ಡೇಟಾ ತೆಗೆದುಕೊಳ್ಳಬಹುದು?
>
> ಉತ್ತರ ಇ-ಮೇಲ್‌ನಲ್ಲೇ ಬೇಕು.

ನಾಲ್ಕಕ್ಕಿಂತ ಜಾಸ್ತಿ ಕೇಳಬೇಡಿ. ಬಿಲ್ಲಿಗೆ ಅಂಟಿಸಿದ ಫೋಟೋಗಳು ಬರುತ್ತವಾ ಅನ್ನೋದು ಐದನೆಯದು, ನಿಮಗೆ ಅದು ಬೇಕಿದ್ದರೆ ಮಾತ್ರ ಸೇರಿಸಿ.

ಸಪೋರ್ಟ್ ಡೆಸ್ಕ್‌ನಲ್ಲಿದ್ದವರು: ಪತ್ರ ಚೆನ್ನಾಗಿದೆ. ನಾಲ್ಕನೆಯ ಪ್ರಶ್ನೆ ಮಾತ್ರ ನಾನಾಗಿದ್ದರೆ ಈಗ ಹಾಕುತ್ತಿರಲಿಲ್ಲ. ಅದನ್ನು ಓದಿದ ತಕ್ಷಣ ಈ ಗಿರಾಕಿ ಹೊರಡುತ್ತಿದ್ದಾನೆ ಅಂತ ಬೇರೆ ಟೀಮ್‌ಗೆ ಕಳಿಸುತ್ತಾರೆ, ಉತ್ತರ ತಡವಾಗುತ್ತದೆ.

ಡೇಟಾ ಸಾಗಿಸುವವರು: ತಡವಾದರೂ ಪರವಾಗಿಲ್ಲ. ಹೊರಡುವ ದಿನ ಕೇಳಿದರೆ ಉತ್ತರ ಬೇಕಿದ್ದಕ್ಕಿಂತ ತಡವೇ. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಅದನ್ನು ಕೇಳದೇ ಇದ್ದವರೇ.

ಬಟ್ಟೆ ವ್ಯಾಪಾರ ಮಾಡುವವರು: ಇಷ್ಟೆಲ್ಲ ಕೇಳುವ ಬದಲು ಎಲ್ಲಕ್ಕಿಂತ ಮೇಲಿನ ಪ್ಲಾನ್ ತೆಗೆದುಕೊಂಡರೆ ಆಯಿತಲ್ವಾ?

ಕೇಳಿದವರು: ನಾಲ್ಕೂ ಪ್ರಶ್ನೆ ಹಾಕಿಯೇ ಕಳಿಸಿದೆ. ಆರು ದಿನಕ್ಕೆ ಉತ್ತರ ಬಂತು, ಮಧ್ಯೆ ಒಂದು ಫೋನೂ ಬಂತು. ಫೋನಲ್ಲಿ ಹೇಳಿದ್ದನ್ನು ಬರೆದು ವಾಪಸ್ ಇ-ಮೇಲ್ ಮಾಡಿ, "ಇದು ಸರಿನಾ" ಅಂತ ಕೇಳಿದೆ. ಆಗ ಎರಡು ವಿಷಯ ಬದಲಾದವು!

ಈಗಿನ ಪ್ಲಾನ್‌ನಲ್ಲಿ 5 ಯೂಸರ್ ತನಕ ಸೇರಿಸಬಹುದಂತೆ. ಉಳಿದ ತಿಂಗಳುಗಳಿಗೆ ಮಾತ್ರ ದುಡ್ಡು. ಲೆಕ್ಕ ನೋಡುವವರಿಗೆ ಉಚಿತ ಸೀಟ್ ಇದೆಯಂತೆ, ಎಕ್ಸ್‌ಪೋರ್ಟ್ ಕೂಡ ಆಗುತ್ತದೆ. ಫೋನಲ್ಲಿ ಮಾತ್ರ ಅದಕ್ಕೂ ಪೂರ್ತಿ ಸೀಟ್ ಬೇಕು ಅಂದಿದ್ದರು. ಎಕ್ಸ್‌ಪೋರ್ಟ್ ಎಲ್ಲಾ ಪ್ಲಾನ್‌ನಲ್ಲೂ ಇದೆ, ಆದರೆ ಐಟಂ ಸಾಲುಗಳು ಮೇಲಿನ ಪ್ಲಾನ್‌ನಲ್ಲಿ ಮಾತ್ರ. ಫೋನಲ್ಲಿ ಇದನ್ನು "ಇದೆ" ಅಂದುಬಿಟ್ಟಿದ್ದರು.

ಲೆಕ್ಕ ಹಾಕಿದೆ. ಈಗಿನ ಪ್ಲಾನ್ 100 ಅಂತ ಇಟ್ಟುಕೊಂಡರೆ, ಒಂದು ಹೆಚ್ಚುವರಿ ಸೀಟ್ 35. ಗೋಡೌನ್ ಹುಡುಗನಿಗೆ ಮಾತ್ರ ಸಾಕಾಗಿರುವುದರಿಂದ 135. ಮೇಲಿನ ಪ್ಲಾನ್ 180, ಅದರಲ್ಲಿ 6 ಜನ. ಇಬ್ಬರಿಗೂ ಸೀಟ್ ಬೇಕಾಗಿದ್ದರೆ 170 ಆಗುತ್ತಿತ್ತು, ಆಗ ಸುಮ್ನೆ ಮೇಲಿನದಕ್ಕೆ ಹೋಗಿಬಿಡುತ್ತಿದ್ದೆ. ಈಗ 45ರ ವ್ಯತ್ಯಾಸ ಬರೀ ಐಟಂ ಸಾಲುಗಳಿಗೆ. ಯೋಚನೆ ಆಗುತ್ತಿದೆ.

ಡೇಟಾ ಸಾಗಿಸುವವರು: ಮೇಲಿನ ಪ್ಲಾನ್ ಒಂದೇ ತಿಂಗಳಿಗೆ ತೆಗೆದುಕೊಂಡು, ಎಲ್ಲಾ ಎಕ್ಸ್‌ಪೋರ್ಟ್ ಮಾಡಿ, ವಾಪಸ್ ಇಳಿಯೋಕೆ ಬಿಡುತ್ತಾರಾ ಕೇಳಿ. ಕೆಲವರು ವರ್ಷದ ಮಧ್ಯೆ ಇಳಿಯೋಕೆ ಬಿಡಲ್ಲ. ಟ್ರಯಲ್ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಒಂದು ಹುಸಿ ಬಿಲ್ಲು ಮಾಡಿ. ಮೂರು ಐಟಂ, ಒಂದಕ್ಕೆ ರಿಯಾಯಿತಿ, ಅರ್ಧ ದುಡ್ಡು ಮಾತ್ರ ಬಂದ ಹಾಗೆ, ಗಿರಾಕಿಯ ಹೆಸರು ಕನ್ನಡದಲ್ಲಿ, ತಾರೀಖು 13ರ ಮೇಲೆ. ಎಕ್ಸ್‌ಪೋರ್ಟ್ ಮಾಡಿ ನೋಡಿ. ಮೂರು ಸಾಲು ಬಂದಿವೆಯಾ, ರಿಯಾಯಿತಿಗೆ ಬೇರೆ ಕಾಲಂ ಇದೆಯಾ, ಬಾಕಿ ಎಲ್ಲಿದೆ ಅಂತ.

ಕೇಳಿದವರು: ಮಾದರಿ ಫೈಲ್ ಕಳಿಸಿದ್ದರಲ್ಲ, ಅದರಲ್ಲಿ ರಿಯಾಯಿತಿ ಕಾಲಂ ಇಲ್ಲ, ದರದಲ್ಲೇ ಕಳೆದಿದ್ದಾರೆ. ಅದು ತೊಂದರೆನಾ?

ಡೇಟಾ ಸಾಗಿಸುವವರು: ಸ್ಟಾಕಿಗೆ ತೊಂದರೆ ಇಲ್ಲ. ಯಾವ ಗಿರಾಕಿಗೆ ಎಷ್ಟು ಬಿಟ್ಟುಕೊಟ್ಟಿರಿ ಅಂತ ಮುಂದೆ ನೋಡಬೇಕು ಅಂದರೆ ತೊಂದರೆ.

ಪ್ರಿಂಟಿಂಗ್ ಪ್ರೆಸ್ ನಡೆಸುವವರು: ನಾನೂ ಈಗ ನಮ್ಮ ಫೈಲ್ ತೆಗೆದು ನೋಡಿದೆ. ಐಟಂ ಸಾಲುಗಳಿಲ್ಲ. ನಿಮ್ಮ ಪತ್ರವನ್ನೇ ಹೆಸರು ಬದಲಾಯಿಸಿ ಕಳಿಸುತ್ತೇನೆ, ಬೇಜಾರಿಲ್ಲ ತಾನೆ?